ನೊರೆ ಲೋಟದಲ್ಲಿ ಉಕ್ಕಲಿ, ಗಂಟಲಲ್ಲಿ ಬೇಡ

"ಮಾತ್ರೆ ಕೊನೆಗೆ ಹೋಗುವುದು ಹೊಟ್ಟೆಗೇ ತಾನೆ? ಅಲ್ಲೂ ನೀರಿರುತ್ತದೆ. ಲೋಟದಲ್ಲಿ ಕರಗಿಸುವ ಉಪಚಾರ ಯಾಕೆ?" ಎಂದು ಓದುಗರೊಬ್ಬರು ಕೇಳಿದ್ದಾರೆ. ಕಫಕ್ಕೆ ಬರೆದುಕೊಟ್ಟ ದೊಡ್ಡ ಬಿಳಿ ಮಾತ್ರೆಯನ್ನು ಅವರ ಮಾವನವರು ಎರಡು ತುಂಡು ಮಾಡಿ ನುಂಗಿ, ಬಾಯಿ ತುಂಬ ನೊರೆ ಬಂದು ಮನೆಯವರನ್ನೆಲ್ಲ ಹೆದರಿಸಿದರಂತೆ.

ನೊರೆಯ ಗುಟ್ಟು ನಿಮ್ಮ ಅಡುಗೆಮನೆಯಲ್ಲೇ ಇದೆ. ನಿಂಬೆರಸಕ್ಕೆ ಚಿಟಿಕೆ ಅಡುಗೆಸೋಡಾ ಹಾಕಿದರೆ ಬುಸ್ಸೆಂದು ಉಕ್ಕುತ್ತದಲ್ಲ, ಅದೇ. ಎಫರ್ವೆಸೆಂಟ್ ಮಾತ್ರೆಯಲ್ಲಿ ಸಿಟ್ರಿಕ್ ಆಮ್ಲದ ಪುಡಿಯನ್ನೂ ಸೋಡಾವನ್ನೂ ಔಷಧದ ಜೊತೆ ಒಣಗಿದಂತೆಯೇ ಒತ್ತಿಟ್ಟಿರುತ್ತಾರೆ. ನೀರು ಸೋಕುವವರೆಗೆ ಎರಡೂ ತೆಪ್ಪಗಿರುತ್ತವೆ. ಸೋಕಿತೋ, ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಎಷ್ಟು? ಒಂದು ಗ್ರಾಂ ಸೋಡಾ ಪೂರ್ತಿ ಕೆಲಸ ಮಾಡಿದರೆ ಸುಮಾರು 280 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟ ತುಂಬುವಷ್ಟು ಅನಿಲ! ಆ ಮಾವನವರ ವಿಷಯದಲ್ಲಿ ಎಂಜಲೇ ಕಿಡಿ ಹಚ್ಚಿತು. ಐದು ರೂಪಾಯಿ ನಾಣ್ಯದಷ್ಟು ಅಗಲದ ಮಾತ್ರೆಯ ತುಂಡು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ನೊರೆ ಮೇಲಕ್ಕೆ ಉಕ್ಕಿ ಶ್ವಾಸನಾಳಕ್ಕೂ ನುಗ್ಗಬಹುದು. ಹೇಗೋ ಕೆಳಗಿಳಿದರೂ ಗಾಢವಾದ ಔಷಧ ಒಂದೇ ಕಡೆ ಕೂತು ಒಳಪದರವನ್ನು ಕೆರಳಿಸುತ್ತದೆ. ಪೊಟ್ಯಾಸಿಯಂ ಇರುವ ಮಾತ್ರೆಯಾದರೆ ಹುಣ್ಣೇ ಆಗಬಹುದು. ಲೋಟದ ನೀರು ಔಷಧವನ್ನು ತೆಳುವಾಗಿಸುತ್ತದೆ, ಅನಿಲವನ್ನು ಹೊರಗೇ ಬಿಡಿಸುತ್ತದೆ. ಆದ್ದರಿಂದ ಬುಸ್ಸೆನ್ನುವುದು ನಿಂತ ಮೇಲೆ ಕುಡಿಯಬೇಕು. "ನೊರೆ ಇದ್ದಾಗಲೇ ಕುಡಿದರೆ ಪವರ್ ಜಾಸ್ತಿ" ಎನ್ನುವವರಿದ್ದಾರೆ. ಶುದ್ಧ ಸುಳ್ಳು. ನೊರೆ ಬರೀ ಸಾಗಾಣಿಕೆದಾರ, ಔಷಧವಲ್ಲ.

ನನಗೆ ಮಾತ್ರೆಗಿಂತ ಅದರ ಕೊಳವೆ ಇಷ್ಟ. ಖಾಲಿಯಾದ ಕೊಳವೆಯ ಮುಚ್ಚಳವನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಒಳಗೆ ಸಣ್ಣಗೆ ಗಿಲಿಗಿಲಿ ಸದ್ದು. ಅದು ತೇವ ಹೀರುವ ಸಿಲಿಕಾ ಜೆಲ್. ಎಷ್ಟೋ ಮುಚ್ಚಳಗಳ ಕೆಳಗೆ ಪ್ಲಾಸ್ಟಿಕ್ ಸುರುಳಿಯೂ ಇರುತ್ತದೆ. ಮಾತ್ರೆಗಳು ಕುಲುಕಿ ಪುಡಿಯಾಗದಂತೆ ಒತ್ತಿ ಹಿಡಿಯಲು. ಇಷ್ಟೆಲ್ಲ ಯಾಕೆಂದರೆ, ಆಮ್ಲವೂ ಸೋಡಾವೂ ಕೂಡಿದಾಗ ಅನಿಲದ ಜೊತೆ ನೀರೂ ಹುಟ್ಟುತ್ತದೆ. ಆ ನೀರು ಪಕ್ಕದ ಕಣಗಳನ್ನು ಎಬ್ಬಿಸುತ್ತದೆ, ಅವು ಇನ್ನಷ್ಟು ನೀರು ಹುಟ್ಟಿಸುತ್ತವೆ. ಒಂದು ಹನಿ ಒಳಗೆ ಹೋದರೆ ಸಾಕು, ಮಿಕ್ಕದ್ದನ್ನು ಮಾತ್ರೆ ತಾನೇ ಮಾಡಿಕೊಳ್ಳುತ್ತದೆ. ಮಂಗಳೂರಿನ ಜುಲೈ ಮಳೆಯಲ್ಲಿ ಒಂದು ಮಾತ್ರೆಯನ್ನು ರಾತ್ರಿಯಿಡೀ ತಟ್ಟೆಯಲ್ಲಿ ಬಿಟ್ಟಿದ್ದೆ. ಬೆಳಿಗ್ಗೆ ಅಂಚು ಉಬ್ಬಿ, ಮೈ ಬಿರಿದು, ಬೆರಳಿಗೆ ಮೆತ್ತಗೆ ಅಂಟುತ್ತಿತ್ತು. ನೀರಿಗೆ ಹಾಕಿದರೆ ನಾಲ್ಕು ಗುಳ್ಳೆ ಬಿಟ್ಟು ತಳ ಸೇರಿತು. ವಾರದ ಮಾತ್ರೆಗಳನ್ನು ಡಬ್ಬಿಯಲ್ಲಿ ಜೋಡಿಸಿಡುವವರು ಇವನ್ನು ಮಾತ್ರ ಬಿಡಿಸಿಡಬಾರದು. ಫಾಯಿಲ್‌ನಲ್ಲಿದ್ದ ಮಾತ್ರೆಯ ಜಾಗ ಬಲೂನಿನಂತೆ ಉಬ್ಬಿದ್ದರೆ ಒಳಗೆ ಆಗಲೇ ಆಟ ಮುಗಿದಿದೆ ಎಂದು ತಿಳಿದು ಎಸೆಯಿರಿ. ಆದರೆ ಕಫದ ಅಸಿಟೈಲ್‌ಸಿಸ್ಟೀನ್ ಮಾತ್ರೆಯಿಂದ ತುಸು ಕೊಳೆತ ಮೊಟ್ಟೆಯ ವಾಸನೆ ಬಂದರೆ ಎಸೆಯಬೇಡಿ. ಅದರಲ್ಲಿ ಗಂಧಕವಿದೆ, ವಾಸನೆ ಅದರ ಹುಟ್ಟುಗುಣ.

ನೀರಿಗೆ ಹಾಕಬೇಕಾದ ಮಾತ್ರೆಯನ್ನು ಗುರುತಿಸುವುದು ಹೇಗೆ? ಕೊಳವೆ ಒಳ್ಳೆಯ ಸುಳಿವು. ಫಾಯಿಲ್ ಅಷ್ಟಲ್ಲ, ಯಾಕೆಂದರೆ ಸುಮ್ಮನೆ ನುಂಗುವ ಎಷ್ಟೋ ಮಾತ್ರೆಗಳೂ ಫಾಯಿಲ್‌ನಲ್ಲೇ ಬರುತ್ತವೆ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಎಫರ್ವೆಸೆಂಟ್' ಅಥವಾ 'ಡಿಸ್ಪರ್ಸಿಬಲ್' ಎಂದಿದೆಯೇ, ಹೆಸರಿನ ಕೊನೆಗೆ 'ಡಿಟಿ' ಎಂಬ ಎರಡಕ್ಷರ ಇದೆಯೇ ನೋಡಿ. ಇಂಗ್ಲಿಷ್ ಓದಲು ಬಾರದ ಹಿರಿಯರಿದ್ದರೆ ಅಂಗಡಿಯವರಿಂದಲೇ ಸ್ಟ್ರಿಪ್ ಮೇಲೆ ಲೋಟದ ಚಿತ್ರ ಬರೆಸಿಕೊಳ್ಳಿ. 'ಎಸ್ಆರ್', 'ಇಆರ್' ಎಂದಿದ್ದರೆ ಮಾತ್ರ ಕರಗಿಸಲೂಬಾರದು, ಪುಡಿ ಮಾಡಲೂಬಾರದು. ಅವು ಗಂಟೆಗಟ್ಟಲೆ ನಿಧಾನವಾಗಿ ಔಷಧ ಬಿಡಲು ಮಾಡಿದವು. ಇನ್ನು ಬಿಪಿಯವರಿಗೊಂದು ಮಾತು: ಎಫರ್ವೆಸೆಂಟ್ ಪ್ಯಾರಾಸಿಟಮಾಲ್ 500ರ ಒಂದೊಂದು ಮಾತ್ರೆಯಲ್ಲೂ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಅಂಥ ಐದು ಮಾತ್ರೆಯಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ ಮುಟ್ಟುತ್ತದೆ.

ಡಿಸ್ಪರ್ಸಿಬಲ್ ಬೇರೆ ಜಾತಿ. ನೊರೆಯಿಲ್ಲ, ಮೂರು ನಿಮಿಷದೊಳಗೆ ನೀರಲ್ಲಿ ಸಣ್ಣ ಕಣಗಳಾಗಿ ಉದುರಬೇಕು ಎಂಬುದಷ್ಟೇ ನಿಯಮ. ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ ಕೊಡುವ 20 ಮಿಲಿಗ್ರಾಂ ಸತುವಿನ ಮಾತ್ರೆ ಇಂಥದ್ದು. ನುಂಗಲಾರದ ಮಗುವಿಗೆ ಉಸಿರುಗಟ್ಟದಿರಲಿ ಎಂದೇ ಅದನ್ನು ಒಂದು ಚಮಚ ನೀರಿನಲ್ಲೋ ಎದೆಹಾಲಿನಲ್ಲೋ ಕದಡಿ ಕೊಡುವುದು. ಅದು ಸಕ್ಕರೆಯಂತೆ ಕರಗಿ ಮಾಯವಾಗುವುದಿಲ್ಲ, ಮಬ್ಬಾಗಿಯೇ ಉಳಿಯುತ್ತದೆ. ಚಮಚದ ತಳಕ್ಕೆ ಅಂಟಿದ ಬಿಳಿ ಪುಡಿಯೂ ಔಷಧವೇ. ಇನ್ನೆರಡು ಹನಿ ನೀರು ಬಿಟ್ಟು ಅದನ್ನೂ ಕುಡಿಸಿಬಿಡಿ.