ತಂಬಾಕು ಬಿಡಲು ಹೊರಟ ನೌಕರನಿಗೆ ಕಾರ್ಖಾನೆ ಏನು ಮಾಡಬಹುದು

ಕೆಲಸದ ಜಾಗದಲ್ಲಿ ತಂಬಾಕಿನ ಮಾತು ಬಂದಾಗ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗುತ್ತವೆ. ಒಂದು, ಆವರಣದೊಳಗೆ ಸೇದಬಾರದು, ಜಗಿದು ಉಗುಳಬಾರದು ಎಂಬ ನಿಯಮ. ಇನ್ನೊಂದು, ಬಿಡಬೇಕೆಂದು ಮನಸ್ಸು ಮಾಡಿದವರಿಗೆ ಕೊಡುವ ನೆರವು. ಮೊದಲನೆಯದನ್ನು ಕಾನೂನೇ ಹೇಳುತ್ತದೆ. 2003ರ ತಂಬಾಕು ನಿಯಂತ್ರಣ ಕಾಯ್ದೆಯ ಪ್ರಕಾರ ಕೆಲಸದ ಸ್ಥಳವೂ ಸಾರ್ವಜನಿಕ ಸ್ಥಳ, ಅಲ್ಲಿ ಧೂಮಪಾನ ನಿಷಿದ್ಧ. ಕರ್ನಾಟಕ ತಂದ ತಿದ್ದುಪಡಿ ಜಗಿಯುವ ತಂಬಾಕನ್ನೂ ಈ ನಿಷೇಧದೊಳಗೆ ಸೇರಿಸಿ, ದಂಡವನ್ನು 200 ರೂಪಾಯಿಯಿಂದ 1,000ಕ್ಕೆ ಏರಿಸಿದೆ. ಈ ನಿಯಮ ಮ್ಯಾನೇಜರನಿಗೂ ಗೇಟಿನ ಕಾವಲುಗಾರನಿಗೂ ಒಂದೇ. ಎರಡನೆಯದು ಹಾಗಲ್ಲ. ಅದು ಕೇಳಿದವರಿಗೆ ಮಾತ್ರ ಸಿಗಬೇಕಾದ, ಕೇಳದವರ ಮೇಲೆ ಹೇರಬಾರದ ಸೌಲಭ್ಯ. ನಿಯಮ ಮುರಿದವರನ್ನು ಹಿಡಿಯುವ ಸೂಪರ್‌ವೈಸರನೇ ನೆರವಿನ ಅರ್ಜಿಯನ್ನೂ ತೆಗೆದುಕೊಳ್ಳುವ ಕಡೆ ಅರ್ಜಿಗಳೇ ಬರುವುದಿಲ್ಲ.

ಬಿಡಬೇಕೆಂದಿರುವವರು ಬಾಯಿ ಬಿಡದಿರುವುದಕ್ಕೆ ಮುಖ್ಯ ಕಾರಣ ನಾಚಿಕೆ. ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಇದು ಇನ್ನೂ ಹೆಚ್ಚು. ಅಲ್ಲಿ ಬಹುಪಾಲು ಹೆಂಗಸರೇ. ಎಲೆಅಡಿಕೆಯ ಜೊತೆ ಹೊಗೆಸೊಪ್ಪೋ ಕಡ್ಡಿಪುಡಿಯೋ ಹಾಕಿಕೊಳ್ಳುವವರು ಅದನ್ನು ಚಟವೆಂದೇ ಎಣಿಸಿರುವುದಿಲ್ಲ. ಎಣಿಸಿದವರು ಯಾರಿಗೂ ಹೇಳಿರುವುದಿಲ್ಲ. ಊಟದ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ, ಬಾಯಿ ಕ್ಯಾನ್ಸರಿನ ಚಿತ್ರ ತೋರಿಸಿ, ‘ಬಿಡುವವರು ಕೈ ಎತ್ತಿ’ ಎಂದರೆ ಎತ್ತುವ ಕೈಗಳು ಸಿಗುತ್ತವೆ, ಆದರೆ ಅವು ಪಕ್ಕದವರನ್ನು ನೋಡಿ ಎತ್ತಿದ ಕೈಗಳು. ಇದಕ್ಕಿಂತ ಕಾರ್ಖಾನೆಯ ವೈದ್ಯರೋ ದಾದಿಯೋ ವಾರ್ಷಿಕ ತಪಾಸಣೆಯ ವೇಳೆ ಬಾಗಿಲು ಹಾಕಿಕೊಂಡು, ಗಂಡಸು ಹೆಂಗಸೆನ್ನದೆ ಎಲ್ಲರಿಗೂ ಎರಡೇ ಪ್ರಶ್ನೆ ಕೇಳುವುದು ಲೇಸು: ಸೇದುವುದೋ ಜಗಿಯುವುದೋ ಉಂಟೆ, ಬಿಡುವ ಮನಸ್ಸಿದೆಯೇ. ಇಲ್ಲವೆಂದರೆ ಮಾತು ಅಲ್ಲಿಗೆ ಮುಗಿಯಬೇಕು. ಇದೆ ಎಂದರೆ ಆ ವಿವರ ವೈದ್ಯರ ಕಡತದಲ್ಲಿರಬೇಕೇ ಹೊರತು ಎಚ್‌ಆರ್ ಕಡತಕ್ಕೆ ಹೋಗಬಾರದು.

ಬಿಟ್ಟ ಮೇಲಿನ ಮೊದಲ ದಿನಗಳಲ್ಲಿ ದೇಹದೊಳಗೆ ಏನಾಗುತ್ತದೆಂಬುದು ಮೇಲಧಿಕಾರಿಗೆ ತಿಳಿದಿದ್ದರೆ ಅರ್ಧ ಅನ್ಯಾಯ ತಪ್ಪುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ಚಡಪಡಿಕೆ ಶುರು. ಸಿಡುಕು, ನಿದ್ದೆಗೇಡು, ಗಮನ ನಿಲ್ಲದಿರುವುದು ಎರಡು ಮೂರನೆಯ ದಿನ ತಾರಕಕ್ಕೇರಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಒಂದೊಂದು ಸಲ ಏಳುವ ಆಸೆ ಮಾತ್ರ ಕೆಲವು ನಿಮಿಷಗಳದ್ದು. ಅಷ್ಟು ಹೊತ್ತು ತಡೆದುಕೊಂಡರೆ ತಾನಾಗಿ ತಗ್ಗುತ್ತದೆ.

ಪೀಣ್ಯದ ಒಂದು ಯಂತ್ರಭಾಗಗಳ ಕಾರ್ಖಾನೆಯ ಲೇತ್ ಆಪರೇಟರನೊಬ್ಬನನ್ನು ಊಹಿಸಿಕೊಳ್ಳೋಣ. ಹದಿನೈದು ವರ್ಷದಿಂದ ಖೈನಿ ಹಾಕುತ್ತಾನೆ, ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಚಿಟಿಕೆ ಬೇಕು. ಅವನು ಬಿಡುವ ದಿನವನ್ನು ತಿಂಗಳ ಕೊನೆಯ ಟಾರ್ಗೆಟ್ ವಾರದಲ್ಲಿ ಇಟ್ಟುಕೊಂಡರೆ ಸೋಲು ಬಹುತೇಕ ಖಚಿತ. ರಾತ್ರಿ ಪಾಳಿ ಶುರುವಾಗುವ ವಾರವೂ ಬೇಡ. ಕಾರ್ಖಾನೆ ಮಾಡಬಹುದಾದ ಮೊದಲ ಉಪಕಾರವೆಂದರೆ ದಿನಾಂಕವನ್ನು ಅವನಿಗೇ ಆರಿಸಲು ಬಿಟ್ಟು, ಅದರ ಸುತ್ತಲಿನ ಎರಡು ವಾರ ಪಾಳಿ ಬದಲಿಸದಿರುವುದು. ಗಮನ ತಪ್ಪಿದರೆ ಬೆರಳು ಹೋಗುವಂಥ ಯಂತ್ರವಾದರೆ ಮೊದಲ ಮೂರು ದಿನ ತಪಾಸಣೆಯ ಮೇಜಿಗೋ ಸ್ಟೋರಿಗೋ ಹಾಕಬಹುದು. ಸಂಬಳ, ಭತ್ಯೆ ಒಂದು ಪೈಸೆಯೂ ಕಡಿಮೆಯಾಗಬಾರದು, ಇಲ್ಲದಿದ್ದರೆ ನೆರವೇ ಶಿಕ್ಷೆಯಾಗುತ್ತದೆ.

ಎರಡನೆಯದು ಸಲಹೆ. ತಂಬಾಕು ಬಿಡಲು ರಾಷ್ಟ್ರೀಯ ಸಹಾಯವಾಣಿಯೊಂದಿದೆ: 1800-11-2356. ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಅದರ ಕೇಂದ್ರವಿರುವುದರಿಂದ ಕನ್ನಡದಲ್ಲಿಯೇ ಮಾತಾಡಬಹುದು. ಬಿಡುವ ದಿನ ಗೊತ್ತುಮಾಡಿಕೊಂಡವರಿಗೆ ಆಮೇಲೆ ಅವರೇ ಕರೆ ಮಾಡಿ ವಿಚಾರಿಸುತ್ತಾರೆ. ಮೊಬೈಲನ್ನು ಗೇಟಿನಲ್ಲೇ ಇಟ್ಟುಹೋಗುವ ಕಾರ್ಖಾನೆಗಳಲ್ಲಿ ಈ ಕರೆ ತಪ್ಪಿಹೋಗುತ್ತದೆ. ಕೆಲಸದ ವೇಳೆಯಲ್ಲೇ, ಯಾರ ಕಿವಿಗೂ ಬೀಳದ ಕೋಣೆಯಲ್ಲಿ ಹತ್ತಿಪ್ಪತ್ತು ನಿಮಿಷ ಮಾತಾಡಲು ಅವಕಾಶ ಕೊಡುವುದಕ್ಕೆ ಹೆಚ್ಚೇನೂ ಖರ್ಚಿಲ್ಲ.

ಮೂರನೆಯದು ಔಷಧಿ. ನಿಕೋಟಿನ್ ಗಮ್ 2 ಮಿಲಿಗ್ರಾಂನದು ಅಂಗಡಿಯಲ್ಲಿ ಸಿಗುತ್ತದೆ, 4 ಮಿಲಿಗ್ರಾಂನದಕ್ಕೆ ವೈದ್ಯರ ಚೀಟಿ ಬೇಕು. ಎದ್ದ ಕೂಡಲೇ ತಂಬಾಕು ಬೇಕೆನ್ನುವ ನಮ್ಮ ಆಪರೇಟರನಂಥವರಿಗೆ ಸಾಮಾನ್ಯವಾಗಿ ಎರಡನೆಯದು. ಇದನ್ನು ಚೂಯಿಂಗ್ ಗಮ್ಮಿನಂತೆ ಸತತ ಜಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು ಬರುತ್ತದೆ. ನಿಧಾನವಾಗಿ ಜಗಿದು, ಬಾಯಿ ಚುರುಗುಟ್ಟಿದಾಗ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಇಳಿದ ಮೇಲೆ ಮತ್ತೆ ಜಗಿಯಬೇಕು. ಕಾಫಿ ಕುಡಿದು ಹದಿನೈದು ನಿಮಿಷ ಕಳೆಯದೆ ಹಾಕಿಕೊಂಡರೆ ನಿಕೋಟಿನ್ ಸರಿಯಾಗಿ ಇಳಿಯುವುದಿಲ್ಲ. ಕೆಲಸದ ನಡುವೆ ಅವನ ಬಾಯಿ ಆಡುವುದನ್ನು ಕಂಡ ಸೂಪರ್‌ವೈಸರ್ ‘ಮತ್ತೆ ಶುರುಮಾಡಿದೆಯಾ’ ಎಂದು ನಾಲ್ಕು ಜನರೆದುರು ಕೇಳುವುದು ಈ ಘಟ್ಟದಲ್ಲೇ.

ಹಣದ ವಿಷಯಕ್ಕೆ ಬಂದರೆ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ 878 ನೌಕರರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಹೆಸರಾಗಿದೆ. ಮಾಹಿತಿಯ ಜೊತೆಗೆ ಒಟ್ಟು 750 ಡಾಲರ್‌ವರೆಗೆ ಬಹುಮಾನ ಸಿಗುತ್ತಿದ್ದ ಗುಂಪಿನಲ್ಲಿ, ಒಂದು ವರ್ಷದ ಆಸುಪಾಸಿನಲ್ಲಿ ನೋಡಿದಾಗ ಶೇ. 14.7 ಮಂದಿ ಸಿಗರೇಟು ಬಿಟ್ಟಿದ್ದರು. ಮಾಹಿತಿ ಮಾತ್ರ ಸಿಕ್ಕವರಲ್ಲಿ ಶೇ. 5. ಇನ್ನೊಂದು ಕಂಪನಿಯ ಕುರಿತ 2015ರ ಅಧ್ಯಯನ ಬೇರೊಂದು ಸಂಗತಿ ತೋರಿಸಿತು. ಬಿಟ್ಟರೆ ಬಹುಮಾನ ಎಂದಾಗ ಶೇ. 90 ಮಂದಿ ಒಪ್ಪಿದರು. ‘ನೀವೂ ಸ್ವಲ್ಪ ಹಣ ಠೇವಣಿ ಇಡಿ, ಬಿಡದಿದ್ದರೆ ಹೋಯಿತು’ ಎಂದಾಗ ಒಪ್ಪಿದವರು ಶೇ. 14ರಷ್ಟೂ ಇರಲಿಲ್ಲ. ಕಳೆದುಕೊಳ್ಳುವ ಭಯವಿದ್ದಲ್ಲಿ ಜನ ಹೊಸಿಲನ್ನೇ ದಾಟುವುದಿಲ್ಲ. ಬಿಡಲಾಗದವನ ಸಂಬಳಕ್ಕೆ ಕೈಹಾಕುವುದಂತೂ ಕಾನೂನಿಗೇ ಒಗ್ಗುವುದಿಲ್ಲ: ಮೊದಲೇ ಪ್ರಕಟಿಸಿದ ತಪ್ಪುಗಳಿಗೆ ಮಾತ್ರ, ವಿವರಣೆಗೆ ಅವಕಾಶ ಕೊಟ್ಟು, ಸಂಬಳದ ಶೇ. 3 ಮೀರದಂತೆ ದಂಡ ಹಾಕಬಹುದು, ಆ ಹಣವೂ ನೌಕರರ ಹಿತಕ್ಕೇ ಬಳಕೆಯಾಗಬೇಕು.

ಬಹುಮಾನವಿದ್ದಲ್ಲಿ ಪರೀಕ್ಷೆಯೂ ಬರುತ್ತದೆ, ಅದರಲ್ಲೊಂದು ಬಲೆಯಿದೆ. ಮೂತ್ರ ಅಥವಾ ಉಗುಳಿನಲ್ಲಿ ನೋಡುವ ಕೋಟಿನಿನ್ ಎಂಬುದು ನಿಕೋಟಿನ್‌ನಿಂದಲೇ ಆಗುವಂಥದು. ಅದು ಖೈನಿಯಿಂದ ಬಂದದ್ದೋ ವೈದ್ಯರು ಕೊಟ್ಟ ಗಮ್‌ನಿಂದ ಬಂದದ್ದೋ ಪರೀಕ್ಷೆಗೆ ಗೊತ್ತಾಗದು. ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಯಂತ್ರ ಬೀಡಿ, ಸಿಗರೇಟು ಸೇದಿದವನನ್ನು ಹಿಡಿಯುತ್ತದೆ, ಜಗಿಯುವವನನ್ನು ಹಿಡಿಯುವುದಿಲ್ಲ. ಎರಡರಲ್ಲಿ ಯಾವುದನ್ನೇ ಕಣ್ಣುಮುಚ್ಚಿ ನಂಬಿದರೂ ಒಬ್ಬನಿಗೆ ಅನ್ಯಾಯ, ಇನ್ನೊಬ್ಬನಿಗೆ ಲಾಭ. ಜಗಿಯುವವರೇ ಹೆಚ್ಚಿರುವ ಕಡೆ ಪರೀಕ್ಷೆಯ ಗೋಜು ಬಿಟ್ಟು, ಸಲಹೆಗೆ ಬಂದು ಹೋದದ್ದಕ್ಕೆ ಸಣ್ಣ ಬಹುಮಾನ ಇಡುವುದು ಸರಳ. ಗುತ್ತಿಗೆ ಕಾರ್ಮಿಕರನ್ನು ಹೊರಗಿಟ್ಟು ಕಾಯಂ ನೌಕರರಿಗಷ್ಟೇ ಕೊಡುವ ಪದ್ಧತಿ ಹಲವೆಡೆ ಕಾಣುತ್ತದೆ. ಒಂದೇ ಯಂತ್ರದ ಮುಂದೆ ನಿಂತವರಲ್ಲಿ ಈ ಭೇದಕ್ಕೆ ಸಮರ್ಥನೆ ಸಿಗುವುದು ಕಷ್ಟ.

ಬಿಟ್ಟವರಲ್ಲಿ ಬಹಳಷ್ಟು ಮಂದಿ ಮತ್ತೆ ಹಿಡಿಯುತ್ತಾರೆ. ಯಾರ ನೆರವೂ ಇಲ್ಲದೆ ಒಂದೇ ಪ್ರಯತ್ನದಲ್ಲಿ ಬಿಟ್ಟು ಉಳಿಯುವವರು ನೂರಕ್ಕೆ ನಾಲ್ಕೈದು ಮಂದಿಯಷ್ಟೇ. ಹಾಗಾಗಿ ‘ಒಂದು ಸಲ ಅವಕಾಶ ಕೊಟ್ಟೆವು’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆಪರೇಟರ್ ಆರನೆಯ ವಾರದಲ್ಲಿ ಊರಹಬ್ಬಕ್ಕೆ ಹೋಗಿ ಖೈನಿ ಹಾಕಿ ಬಂದರೆ, ವೈದ್ಯರು ಕೇಳಬೇಕಾದ್ದು ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಎಂಬುದನ್ನು. ಅದರಿಂದ ಮುಂದಿನ ದಿನಾಂಕವನ್ನು ಹೇಗೆ ಇಡಬೇಕೆಂಬುದು ತಿಳಿಯುತ್ತದೆ. ಅವನು ಆವರಣದೊಳಗೆ ಜಗಿದು ಸಿಕ್ಕಿಬಿದ್ದರೆ ಉಳಿದವರಿಗೆ ಹಾಕುವ ದಂಡವನ್ನೇ ಅವನಿಗೂ ಹಾಕಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಆ ವರ್ಷದ ಇನ್‌ಕ್ರಿಮೆಂಟ್ ಅಥವಾ ಗುತ್ತಿಗೆ ನವೀಕರಣದ ಸಭೆಯಲ್ಲಿ ‘ಆ ಮನುಷ್ಯ ತಂಬಾಕು ಬಿಡಲು ಹೋಗಿ ಸೋತವನಲ್ಲವೇ’ ಎಂದು ಯಾರಾದರೂ ಹೇಳುವ ಸ್ಥಿತಿಯಲ್ಲಿದ್ದರೆ, ವೈದ್ಯರ ಕಡತದ ಬಾಗಿಲು ಎಲ್ಲೋ ತೆರೆದುಕೊಂಡಿದೆ ಎಂದೇ ಅರ್ಥ.