ಮೆನು ಕಾರ್ಡಿನ ಕರಡು ತಿದ್ದುವ ಬಗೆ

ಲೇಖನವೊಂದರ ಕರಡು ತಿದ್ದುವವರಿಗೆ ವಾಕ್ಯದ ಅರ್ಥವೇ ಅರ್ಧ ಕೆಲಸ ಮಾಡಿಕೊಡುತ್ತದೆ. ಒಂದು ಪದ ತಪ್ಪಿದರೆ ಅರ್ಥ ತೊಡರುತ್ತದೆ, ಕಣ್ಣು ಅಲ್ಲಿ ನಿಲ್ಲುತ್ತದೆ. ಹೋಟೆಲಿನ ಮೆನು ಕಾರ್ಡಿನಲ್ಲಿ ಈ ನೆರವಿಲ್ಲ. ‘ರವೆ ದೋಸೆ 100’ ಎಂಬ ಸಾಲನ್ನು ಎಷ್ಟು ಸಲ ಓದಿದರೂ ಅದು ಸರಿಯೋ ತಪ್ಪೋ ಗೊತ್ತಾಗುವುದಿಲ್ಲ. ಅದನ್ನು ಪಕ್ಕದ ಸಾಲಿನೊಂದಿಗೆ, ಮಾಲೀಕರ ದರಪಟ್ಟಿಯೊಂದಿಗೆ, ಕೊನೆಗೆ ಅಡುಗೆಮನೆಯೊಂದಿಗೆ ಹೋಲಿಸಿ ನೋಡಬೇಕು. ಆದ್ದರಿಂದ ಮೆನುವನ್ನು ಒಂದೇ ಓದಿನಲ್ಲಿ ಮುಗಿಸಲಾಗದು. ತಿಂಡಿಗಳ ಹೆಸರಿಗೆ ಒಂದು ಓದು, ದರಗಳಿಗೆ ಒಂದು, ಅಲರ್ಜಿ ಸೂಚನೆಗಳಿಗೆ ಇನ್ನೊಂದು. ಮೊದಲೆರಡನ್ನು ಮೇಜಿನ ಮುಂದೆ ಕೂತು ಮಾಡಬಹುದು, ಮೂರನೆಯದಕ್ಕೆ ಎದ್ದು ಒಳಗೆ ಹೋಗಲೇಬೇಕು.

ಹೆಸರುಗಳ ವಿಷಯದಲ್ಲಿ ತಪ್ಪು ಮತ್ತು ಆಯ್ಕೆ ಎರಡೂ ಬೇರೆ ಬೇರೆ. ‘ಅಕ್ಕಿ ರೊಟ್ಟಿ’ ಎಂಬುದು ‘ಹಕ್ಕಿ ರೊಟ್ಟಿ’ ಆಗಿದ್ದರೆ ಅದು ತಪ್ಪು, ತಿದ್ದಬೇಕು. ಆದರೆ ಮಸಾಲೆ ದೋಸೆ ಮತ್ತು ಮಸಾಲಾ ದೋಸೆ, ವಡೆ ಮತ್ತು ವಡಾ, ಸಾಂಬಾರ್ ಮತ್ತು ಸಾಂಬಾರು, ಪಲಾವ್ ಮತ್ತು ಪುಲಾವ್ ಇವೆಲ್ಲ ಬಳಕೆಯಲ್ಲಿರುವ ರೂಪಗಳೇ. ಇಲ್ಲಿ ಯಾವುದು ಶುದ್ಧ ಎಂದು ವಾದಿಸುವುದಕ್ಕಿಂತ ಒಂದನ್ನು ಆರಿಸಿ ಕೊನೆಯ ಪುಟದವರೆಗೂ ಅದನ್ನೇ ಉಳಿಸುವುದು ಮುಖ್ಯ. ಬೆಳಗಿನ ತಿಂಡಿಯ ಪುಟದಲ್ಲಿ ‘ಉದ್ದಿನ ವಡೆ’, ಸಂಜೆಯ ಪುಟದಲ್ಲಿ ‘ಉದ್ದಿನ ವಡಾ’ ಎಂದಿದ್ದರೆ ಅವೆರಡೂ ಬೇರೆ ತಿಂಡಿಗಳೇ ಎಂದು ಹೊಸಬರು ಮಾಣಿಯನ್ನು ಕೇಳುತ್ತಾರೆ. ಕೆಲಸ ಶುರುಮಾಡುವ ಮೊದಲೇ ಎಲ್ಲ ಹೆಸರುಗಳನ್ನೂ ಒಂದು ಹಾಳೆಯಲ್ಲಿ ಅಕಾರಾದಿಯಾಗಿ ಬರೆದುಕೊಂಡರೆ ಇಂಥ ಜೋಡಿಗಳು ತಾವಾಗಿಯೇ ಅಕ್ಕಪಕ್ಕ ಬಂದು ಕೂರುತ್ತವೆ. ಮಾಲೀಕರು ಒಪ್ಪಿದ ಆ ಹಾಳೆಯೇ ಮುಂದಿನ ಓದಿಗೆಲ್ಲ ಆಧಾರ.

ಕನ್ನಡ ಮೆನುವಿಗೆ ಇನ್ನೊಂದು ಬಗೆಯ ತಪ್ಪು ಅಂಟಿಕೊಂಡಿದೆ. ಬರೆದವರು ಸರಿಯಾಗಿಯೇ ಬರೆದಿರುತ್ತಾರೆ, ಕಂಪ್ಯೂಟರಿನಲ್ಲಿ ಅದು ಕೆಡುತ್ತದೆ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿದ್ದ ಪಟ್ಟಿಯನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಜಾಗ ತಪ್ಪಬಹುದು. ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳ ಸೌಲಭ್ಯ ಚಾಲೂ ಆಗಿರದಿದ್ದರೆ ‘ಚಟ್ನಿ’ಯು ‘ಚಟ್‌ನಿ’ ಎಂದು ಬಿಡಿಬಿಡಿಯಾಗಿ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾದದ್ದೂ ಉಂಟು. ‘ಸಾಂಬಾರ್ ವಡೆ’ಯ ನಡುವಿನ ಖಾಲಿ ಜಾಗ ಹಾರಿಹೋದರೆ ಎರಡೂ ಪದಗಳು ಕೂಡಿ ‘ಸಾಂಬಾರ್ವಡೆ’ ಆಗುತ್ತದೆ. ಪನೀರ್, ಬಟರ್, ಫ್ರೈಡ್ ಎಂದು ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳೇ ತುಂಬಿರುವ ಉತ್ತರ ಭಾರತದ ಅಡುಗೆಯ ಪುಟದಲ್ಲಿ ಇದು ಪದೇ ಪದೇ ಕಾಣುತ್ತದೆ. ಟೈಪ್ ಮಾಡಿದ ಮೂಲ ಕಡತದಲ್ಲಿ ಈ ತಪ್ಪುಗಳು ಇರುವುದೇ ಇಲ್ಲವಾದ್ದರಿಂದ ತಿದ್ದುವವರು ಓದಬೇಕಾದದ್ದು ಅಚ್ಚಿಗೆ ಹೋಗುವ ಪಿಡಿಎಫ್ ಪ್ರತಿಯನ್ನು, ಅದನ್ನೂ ಕಾಗದದ ಮೇಲೆ ತೆಗೆದು.

ದರಗಳ ಓದಿನಲ್ಲಿ ಮೊದಲು ರೂಪವನ್ನು ನೋಡಬೇಕು. ₹ ಚಿಹ್ನೆಯೋ, ‘ರೂ.’ ಎಂಬ ಅಕ್ಷರವೋ, ಅಂಕಿಯ ಮುಂದಿನ ‘/-’ ಗೆರೆಯೋ, ಯಾವುದಾದರೂ ಒಂದೇ ಇರಲಿ. 2010ರಲ್ಲಿ ಬಂದ ₹ ಚಿಹ್ನೆ ಹಳೆಯ ಫಾಂಟುಗಳಲ್ಲಿ ಇಲ್ಲ. ಅಲ್ಲಿ ಅದರ ಬದಲು ಖಾಲಿ ಚೌಕ ಮೂಡುತ್ತದೆ. ಕನ್ನಡ ಅಂಕಿ ಬಳಸಿದರೆ ಎಲ್ಲ ಕಡೆಯೂ ಬಳಸಬೇಕು. ಸೊನ್ನೆಯ ಜಾಗದಲ್ಲಿ ಅನುಸ್ವಾರ ಒತ್ತಿಬಿಟ್ಟಿಲ್ಲ ಎಂಬುದನ್ನೂ ನೋಡಬೇಕು, ಏಕೆಂದರೆ ಎರಡೂ ಕಣ್ಣಿಗೆ ಒಂದೇ. ಅಂಕಿಗಳು ಬಲಬದಿಗೆ ಸರಿಯಾಗಿ ಒಂದರ ಕೆಳಗೊಂದು ನಿಂತಿದ್ದರೆ ಎರಡಂಕಿಯ ನಡುವೆ ನುಸುಳಿದ ಮೂರಂಕಿಯ ದರ ತಟ್ಟನೆ ಕಾಣುತ್ತದೆ.

ರೂಪಕ್ಕಿಂತ ದೊಡ್ಡ ಅಪಾಯ ದರದ ಸಾಲು ಜಾರುವುದು. ಹೆಸರುಗಳನ್ನು ಒಂದು ಚೌಕಟ್ಟಿನಲ್ಲೂ ದರಗಳನ್ನು ಇನ್ನೊಂದರಲ್ಲೂ ಜೋಡಿಸಿರುವ ಮೆನುವಿನಲ್ಲಿ ಇದು ಸುಲಭವಾಗಿ ಆಗಿಬಿಡುತ್ತದೆ. ಒಂದು ದೋಸೆ ಪಟ್ಟಿಯಲ್ಲಿ ಖಾಲಿ ದೋಸೆ 60, ಸೆಟ್ ದೋಸೆ 75, ಮಸಾಲೆ ದೋಸೆ 85, ಬೆಣ್ಣೆ ಮಸಾಲೆ ದೋಸೆ 100, ರವೆ ದೋಸೆ 95, ಈರುಳ್ಳಿ ರವೆ ದೋಸೆ 105 ಎಂದು ಇದೆ ಎಂದಿಟ್ಟುಕೊಳ್ಳೋಣ. ಸೆಟ್ ದೋಸೆ ಬೇಡವೆಂದು ಮಾಲೀಕರು ಹೇಳುತ್ತಾರೆ. ವಿನ್ಯಾಸಕಾರರು ಹೆಸರನ್ನು ಅಳಿಸುತ್ತಾರೆ, ದರವನ್ನು ಮರೆಯುತ್ತಾರೆ. ಕೆಳಗಿನ ಹೆಸರುಗಳೆಲ್ಲ ಒಂದೊಂದು ಸಾಲು ಮೇಲೇರಿ ಮಸಾಲೆ ದೋಸೆಗೆ 75, ಬೆಣ್ಣೆ ಮಸಾಲೆಗೆ 85, ರವೆ ದೋಸೆಗೆ 100, ಈರುಳ್ಳಿ ರವೆಗೆ 95 ಆಗುತ್ತದೆ. ಕೊನೆಯಲ್ಲಿ 105 ಒಂಟಿಯಾಗಿ ಉಳಿಯುತ್ತದೆ. ಇಷ್ಟಾದರೆ ತಪ್ಪು ಹಿಡಿಯುವುದು ಸುಲಭ. ಆದರೆ ಅನಾಥವಾಗಿ ನಿಂತ ಆ ಅಂಕಿಯನ್ನು ಕಂಡು, ಅದು ಹೆಚ್ಚುವರಿ ಎಂದು ಯಾರಾದರೂ ಅಳಿಸಿಬಿಡುತ್ತಾರೆ. ಆಗ ಐದು ಹೆಸರಿಗೆ ಐದು ದರ, ಎಣಿಕೆ ಸರಿಹೋಗುತ್ತದೆ. ಉಳಿಯುವ ಸುಳಿವು ಒಂದೇ, ಈರುಳ್ಳಿ ಹಾಕಿದ ದೋಸೆ ಈರುಳ್ಳಿ ಇಲ್ಲದ್ದಕ್ಕಿಂತ ಅಗ್ಗವಾಗಿರುವುದು. ಹಾಗಾಗಿ ಎಣಿಸಿದರೆ ಸಾಲದು, ದರಗಳ ಪರಸ್ಪರ ಸಂಬಂಧವನ್ನೂ ನೋಡಬೇಕು. ಬೆಣ್ಣೆ ಹಾಕಿದ್ದು ಹಾಕದ್ದಕ್ಕಿಂತ ದುಬಾರಿಯೇ? ಇಡ್ಲಿ, ವಡೆ ಬೇರೆ ಬೇರೆ ಕೊಂಡರೆ ಆಗುವ ಮೊತ್ತಕ್ಕೂ ‘ಇಡ್ಲಿ ವಡೆ’ಯ ದರಕ್ಕೂ ಹೊಂದಿಕೆ ಇದೆಯೇ? ಎರಡು ಪುಟಗಳಲ್ಲಿ ಬರುವ ಮೊಸರನ್ನಕ್ಕೆ ಎರಡೂ ಕಡೆ ಒಂದೇ ದರವೇ?

ಪುಟದ ಅಡಿಯ ಸಣ್ಣ ಅಕ್ಷರಗಳೂ ದರದ ಓದಿಗೇ ಸೇರಿದವು. ಒಂದು ಪುಟ ‘ಜಿಎಸ್‌ಟಿ ಸೇರಿ’ ಎಂದೂ ಇನ್ನೊಂದು ‘ಜಿಎಸ್‌ಟಿ ಪ್ರತ್ಯೇಕ’ ಎಂದೂ ಹೇಳಬಾರದು. ಹಳೆಯ ಕಾರ್ಡಿನಿಂದ ಉಳಿದುಬಂದ ಸೇವಾ ಶುಲ್ಕದ ಸಾಲು ಕಂಡರೆ ಮಾಲೀಕರ ಗಮನಕ್ಕೆ ತರಬೇಕು. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಇನ್ನು ಅಲರ್ಜಿ ಸೂಚನೆ. ಕಾಗುಣಿತ ತಪ್ಪಿದರೆ ಓದುವವರಿಗೆ ಕಸಿವಿಸಿ, ದರ ತಪ್ಪಿದರೆ ಹಣ ನಷ್ಟ. ಇಲ್ಲಿ ತಪ್ಪಿದರೆ ಒಬ್ಬರ ಉಸಿರಿಗೇ ಸಂಚಕಾರ ಬರಬಹುದು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿಯು ಗ್ಲುಟೆನ್ ಇರುವ ಧಾನ್ಯಗಳು, ಸಿಗಡಿ-ಏಡಿಯಂಥವು, ಹಾಲು, ಮೊಟ್ಟೆ, ಮೀನು, ಶೇಂಗಾ ಹಾಗೂ ಗೋಡಂಬಿ-ಬಾದಾಮಿಯಂಥ ಮರದ ಬೀಜಗಳು, ಸೋಯಾ, ಸಲ್ಫೈಟ್ ಇವನ್ನು ಅಲರ್ಜಿಕಾರಕಗಳೆಂದು ಹೆಸರಿಸಿದೆ. ಹತ್ತು ಅಥವಾ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಇವನ್ನು ತಿಳಿಸಬೇಕು. ಚಿಕ್ಕ ಹೋಟೆಲುಗಳೂ ಈಗ ತಾವಾಗಿಯೇ ಹಾಕಿಸುತ್ತಿವೆ. ಒಳ್ಳೆಯದೇ, ಆದರೆ ಅರ್ಧಂಬರ್ಧ ಹಾಕಿಸುವುದು ಹಾಕಿಸದಿರುವುದಕ್ಕಿಂತ ಕೆಟ್ಟದ್ದು. ಯಾವ ತಿಂಡಿಗೂ ಗುರುತಿಲ್ಲದಿದ್ದರೆ ಅಲರ್ಜಿ ಇರುವವರು ಕೇಳಿ ತಿಳಿಯುತ್ತಾರೆ. ಹತ್ತು ತಿಂಡಿಗೆ ಗುರುತು ಹಾಕಿ ಹನ್ನೊಂದನೆಯದನ್ನು ಬಿಟ್ಟರೆ, ಅದು ನಿರಪಾಯ ಎಂದೇ ಅವರು ಓದಿಕೊಳ್ಳುತ್ತಾರೆ.

ಒಂದು ಉದಾಹರಣೆ ನೋಡಬಹುದು. ಸಸ್ಯಾಹಾರಿ ಹೋಟೆಲೊಂದರ ಕರಡಿನಲ್ಲಿ ರವೆ ದೋಸೆಗೆ ‘ಗೋಧಿ’, ಬಿಸಿಬೇಳೆ ಬಾತಿಗೆ ‘ಗೋಡಂಬಿ’ ಎಂಬ ಗುರುತಿದೆ. ಚಿತ್ರಾನ್ನ ಮತ್ತು ಸಾಂಬಾರ್ ಇಡ್ಲಿಗೆ ಏನೂ ಇಲ್ಲ. ಕಾಗದದ ಮೇಲೆ ಎಲ್ಲವೂ ಸರಿಯಾಗಿ ಕಾಣುತ್ತದೆ. ತಿದ್ದುವವರು ಅಡುಗೆಮನೆಗೆ ಹೋಗಿ ಭಟ್ಟರನ್ನು ಕೇಳಿದರೆ ಚಿತ್ರಾನ್ನದ ಒಗ್ಗರಣೆಗೆ ಶೇಂಗಾ, ಬಿಸಿಬೇಳೆ ಬಾತಿಗೆ ಕೊನೆಯಲ್ಲಿ ತುಪ್ಪ ಹಾಕುವುದು ತಿಳಿಯುತ್ತದೆ. ತುಪ್ಪ ಬಂದರೆ ಹಾಲಿನ ಗುರುತು ಬರಬೇಕು. ಆಮೇಲೆ ಇಂಗಿನ ಡಬ್ಬಿಯನ್ನು ಕೈಗೆತ್ತಿಕೊಂಡು ಹಿಂಬದಿಯ ಚೀಟಿ ಓದಬೇಕು. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನ ಎಷ್ಟೋ ಬ್ರಾಂಡುಗಳಲ್ಲಿ ಇಂಗಿನೊಂದಿಗೆ ಗೋಧಿ ಹಿಟ್ಟು ಬೆರೆತಿರುತ್ತದೆ. ಈ ಡಬ್ಬಿಯಲ್ಲೂ ಹಾಗೆಯೇ ಇದ್ದರೆ ಅಕ್ಕಿ, ಉದ್ದು, ತೊಗರಿಬೇಳೆಯಿಂದಲೇ ಆದ ಸಾಂಬಾರ್ ಇಡ್ಲಿಗೂ ಬಿಸಿಬೇಳೆ ಬಾತಿಗೂ ‘ಗೋಧಿ’ ಎಂದು ಬರೆಯಬೇಕಾಗುತ್ತದೆ. ಈ ಸಂಗತಿ ಭಟ್ಟರ ನೆನಪಿಗೆ ಬರುವುದಿಲ್ಲ, ಏಕೆಂದರೆ ಅವರು ಹಾಕಿದ್ದು ಇಂಗು, ಗೋಧಿಯಲ್ಲ. ಸಾಸ್, ಮಸಾಲೆ ಪುಡಿ, ಚಟ್ನಿ ಪುಡಿಗಳ ಪೊಟ್ಟಣಗಳನ್ನೂ ಹೀಗೆಯೇ ಓದಬೇಕು. ಗೋಬಿ ಮಂಚೂರಿಗೆ ಹಾಕುವ ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಸೋಯಾದ ಜೊತೆ ಗೋಧಿಯೂ ಇರುತ್ತದೆ. ಮೈದಾ ಸವರಿದ ಗೋಬಿ ಕರಿದ ಎಣ್ಣೆಯಲ್ಲೇ ವಡೆಯನ್ನೂ ಕರಿಯುತ್ತಾರೆಯೇ ಎಂದು ಕೇಳಬೇಕು. ಹೌದಾದರೆ ವಡೆಯ ಮುಂದೆ ‘ಗೋಧಿ ಸೋಕಿರಬಹುದು’ ಎಂದು ಬರೆಯಬೇಕು. ‘ಇದೆ’ ಎಂಬುದು ಪದಾರ್ಥವಾಗಿ ಹಾಕಿದ್ದಕ್ಕೆ, ‘ಸೋಕಿರಬಹುದು’ ಎಂಬುದು ಬಾಣಲೆ, ಕಾವಲಿಯಿಂದ ತಗುಲುವುದಕ್ಕೆ. ಒಂದರ ಜಾಗದಲ್ಲಿ ಇನ್ನೊಂದು ಬರಬಾರದು. ಇಂಥ ಅಡುಗೆಮನೆಯ ಮೆನುವಿನಲ್ಲಿ ‘ಗ್ಲುಟೆನ್ ಮುಕ್ತ’ ಎಂಬ ಮಾತನ್ನು ಹೊಡೆದುಹಾಕುವುದೇ ಸರಿ. ಆ ಮಾತಿಗೆ ಕಿಲೋಗೆ 20 ಮಿಲಿಗ್ರಾಮ್ ಮೀರಬಾರದೆಂಬ ಮಿತಿ ಇದೆ. ಅದನ್ನು ಪರೀಕ್ಷೆಯಿಲ್ಲದೆ ಯಾರೂ ಹೇಳಲಾರರು.

ಸೂಚನೆಯ ಪದಗಳೂ ಪ್ರದೇಶದಿಂದ ಪ್ರದೇಶಕ್ಕೆ ತಪ್ಪರ್ಥ ಕೊಡಬಹುದು. ಮೈಸೂರು ಕಡೆಯ ಕಡಲೆಬೀಜ ಧಾರವಾಡ ಕಡೆ ಶೇಂಗಾ, ಕರಾವಳಿಯಲ್ಲಿ ನೆಲಕಡಲೆ. ಬರಿದೇ ‘ಕಡಲೆ’ ಎಂದು ಬರೆದರೆ ಅದು ಚಟ್ನಿಯ ಹುರಿಗಡಲೆಯೋ, ಬಜ್ಜಿಯ ಕಡಲೆಹಿಟ್ಟೋ ಎಂದು ತಿಳಿದು ಶೇಂಗಾ ಅಲರ್ಜಿಯವರು ನಿಶ್ಚಿಂತೆಯಿಂದ ತಿಂದುಬಿಡಬಹುದು. ಆದ್ದರಿಂದ ‘ಕಡಲೆಬೀಜ (ಶೇಂಗಾ)’ ಎಂದು ಎರಡನ್ನೂ ಬರೆಯುವುದು ಉತ್ತಮ. ಶೇಂಗಾ ಮತ್ತು ಗೋಡಂಬಿಗೆ ‘ನಟ್ಸ್’ ಎಂಬ ಒಂದೇ ಗುರುತು ಹಾಕುವುದೂ ಬೇಡ. ಒಂದು ಕಾಳು, ಇನ್ನೊಂದು ಮರದ ಬೀಜ. ಒಂದು ಒಗ್ಗದವರಿಗೆ ಇನ್ನೊಂದು ಒಗ್ಗಬಹುದು. ಸಾಸಿವೆ, ಎಳ್ಳು ಭಾರತದ ಪಟ್ಟಿಯಲ್ಲಿ ಇಲ್ಲ. ಬ್ರಿಟನ್ನಿನಲ್ಲಿ ತಿಳಿಸಬೇಕಾದ 14 ಅಲರ್ಜಿಕಾರಕಗಳಲ್ಲಿ ಅವೆರಡೂ ಇವೆ. ಲಂಡನ್ನಿನಲ್ಲಿ ದೋಸೆ ಹೋಟೆಲು ನಡೆಸುವವರು ಸಾಸಿವೆ ಒಗ್ಗರಣೆ ಬೀಳುವ ಪ್ರತಿಯೊಂದಕ್ಕೂ ಗುರುತು ಹಾಕಬೇಕು, ಅಂದರೆ ಹೆಚ್ಚುಕಡಿಮೆ ಇಡೀ ಮೆನುವಿಗೆ.

ಈ ಓದಿಗೆ ಮೆನುವಿಗಿಂತ ಒಂದು ಕೋಷ್ಟಕವೇ ಅನುಕೂಲ. ಎಡಕ್ಕೆ ತಿಂಡಿಗಳು, ಮೇಲೆ ಅಲರ್ಜಿಕಾರಕಗಳು. ಪ್ರತಿ ಮನೆಯಲ್ಲೂ ‘ಇದೆ’, ‘ಇಲ್ಲ’, ‘ಸೋಕಿರಬಹುದು’ ಇವುಗಳಲ್ಲಿ ಒಂದು ಇರಲೇಬೇಕು. ಖಾಲಿ ಬಿಟ್ಟ ಮನೆ ಎಂದರೆ ಇನ್ನೂ ಕೇಳಿಲ್ಲ ಎಂದರ್ಥ. ಕೋಷ್ಟಕಕ್ಕೆ ಭಟ್ಟರ ಸಹಿ, ತಾರೀಕು ಬಿದ್ದ ಮೇಲೆ ಅದರಿಂದ ಗುರುತುಗಳನ್ನು ಮೆನುವಿಗೆ ಇಳಿಸಿ, ಕನ್ನಡ ಮತ್ತು ಇಂಗ್ಲಿಷ್ ಪುಟಗಳನ್ನು ಸಾಲುಸಾಲಾಗಿ ತಾಳೆ ನೋಡಬೇಕು.

ತಿದ್ದುಪಡಿಯಾಗಿ ಬಂದ ಎರಡನೇ ಕರಡಿನಲ್ಲಿ ತಿದ್ದಿದ ಸಾಲನ್ನಷ್ಟೇ ಅಲ್ಲ, ಅದರ ಮೇಲಿನ ಮತ್ತು ಕೆಳಗಿನ ಸಾಲುಗಳನ್ನೂ ಓದಬೇಕು. ಹೊಸ ತಪ್ಪುಗಳು ಹುಟ್ಟುವುದು ಅಲ್ಲೇ. ಅಂತಿಮ ದರಗಳನ್ನು ಬಿಲ್ಲಿಂಗ್ ಯಂತ್ರ, ಗೋಡೆಯ ಬೋರ್ಡು, ಕ್ಯೂಆರ್ ಮೆನು ಮತ್ತು ಮನೆಗೆ ತಲುಪಿಸುವ ಆ್ಯಪ್‌ಗಳೊಂದಿಗೆ ಹೋಲಿಸಬೇಕು. ಕಾರ್ಡಿನ ಮೂಲೆಯಲ್ಲಿ ತಿಂಗಳು, ವರ್ಷ ಅಚ್ಚಾಗಿದ್ದರೆ ಹಳೆಯ ಪ್ರತಿಗಳನ್ನು ಮೇಜುಗಳಿಂದ ತೆಗೆಯುವುದು ಸುಲಭ. ಇಂಗಿನ ಬ್ರಾಂಡು ಬದಲಾದ ದಿನ ಕೋಷ್ಟಕವನ್ನು ಮತ್ತೆ ತೆರೆಯಬೇಕಾಗುತ್ತದೆ.