ಮೂರು 95ರ ಒಳಗಿನ ಲೆಕ್ಕ

ಜಿಲ್ಲಾ ಎಚ್‌ಐವಿ ಕಾರ್ಯಕ್ರಮದ ಪರಿಶೀಲನಾ ಸಭೆಯೊಂದನ್ನು ಕಲ್ಪಿಸಿಕೊಳ್ಳಿ. ಗೋಡೆಯ ಮೇಲೆ ಮೂರು ಕಂಬಗಳ ಚಿತ್ರ: ಶೇ. 85, ಶೇ. 90, ಶೇ. 95. ಕೊನೆಯ ಕಂಬ ಗುರಿ ಮುಟ್ಟಿದೆ, ಉಳಿದೆರಡು ಹತ್ತಿರದಲ್ಲಿವೆ. ಎಲ್ಲರಿಗೂ ಸಮಾಧಾನ. ಆದರೆ ಇದೇ ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಸೋಂಕಿತರ ಮೈಯಲ್ಲಿ ವೈರಸ್ ಹತೋಟಿಗೆ ಬಂದಿದೆ ಎನ್ನಲು ಯಾವ ದಾಖಲೆಯೂ ಇಲ್ಲದಿರಬಹುದು. ಅದು ಹೇಗೆ ಎಂದು ತಿಳಿಯಬೇಕಾದರೆ ಮೊದಲು ವೈರಸ್ ದಾಟುವ ದಾರಿಯನ್ನು ನೋಡಬೇಕು.

ಎಚ್‌ಐವಿ ಸುಲಭವಾಗಿ ಹರಡುವ ವೈರಸ್ ಅಲ್ಲ. ಸೊಳ್ಳೆ, ಒಂದೇ ತಟ್ಟೆಯ ಊಟ, ಕೈಕುಲುಕುವುದು, ಕೆಮ್ಮು ಇವ್ಯಾವುದರಿಂದಲೂ ಅದು ಬರುವುದಿಲ್ಲ. ರಕ್ತ, ವೀರ್ಯ, ಯೋನಿ ಮತ್ತು ಗುದದ್ವಾರದ ಸ್ರಾವ, ಎದೆಹಾಲು ಇವಿಷ್ಟೇ ಅದರ ವಾಹನ. ಸೋಂಕಿತರೊಂದಿಗೆ ಕಾಂಡೋಮ್ ಇಲ್ಲದೆ ನಡೆದ ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಅಪಾಯ ಸರಾಸರಿ 10,000 ಸಲಕ್ಕೆ ಸುಮಾರು 138 ಎಂಬುದು ಒಪ್ಪಿತ ಅಂದಾಜು. ಸೂಜಿ ಹಂಚಿಕೊಂಡರೆ ಸುಮಾರು 63. ಯೋನಿ ಸಂಭೋಗದಲ್ಲಿ ಹೆಣ್ಣಿಗೆ ಸುಮಾರು 8, ಗಂಡಿಗೆ ಸುಮಾರು 4. ಸಂಖ್ಯೆ ಚಿಕ್ಕದೆಂದು ನಿರಾಳವಾಗುವಂತಿಲ್ಲ, ಏಕೆಂದರೆ ಇವು ಸರಾಸರಿಗಳು. ಜನನಾಂಗದಲ್ಲಿ ಹುಣ್ಣಿದ್ದರೆ ಅಪಾಯ ಏರುತ್ತದೆ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ತುಂಬಿ ತುಳುಕುವುದರಿಂದ ಆಗಲೂ ಏರುತ್ತದೆ. ಏನೂ ಮಾಡದೆ ಬಿಟ್ಟರೆ ಸೋಂಕಿತ ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ ಶೇ. 15ರಿಂದ 45. ತಾಯಿಗೆ ಸಕಾಲದಲ್ಲಿ ಚಿಕಿತ್ಸೆ, ಹುಟ್ಟಿದ ಮಗುವಿಗೆ ಔಷಧ ಸಿಕ್ಕರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ.

ಸೂಜಿ, ಸಂಭೋಗ, ಹೆರಿಗೆ, ಎದೆಹಾಲು, ದಾರಿ ಯಾವುದಾದರೂ ಅಪಾಯವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಒಂದೇ ಸಂಗತಿ: ಸೋಂಕಿತರ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬುದು. ಈ ಅಳತೆಯೇ ವೈರಲ್ ಲೋಡ್. ದಿನವೂ ತಪ್ಪದೆ ಎಆರ್‌ಟಿ ಮಾತ್ರೆ ನುಂಗುವವರಲ್ಲಿ ಕೆಲವು ತಿಂಗಳಲ್ಲೇ ಅದು ಪರೀಕ್ಷೆಗೆ ಸಿಗದಷ್ಟು ಇಳಿಯಬಲ್ಲದು. ಹಾಗೆ ಇಳಿದು ಅಲ್ಲೇ ನಿಂತವರಿಂದ ಸಂಗಾತಿಗೆ ಲೈಂಗಿಕವಾಗಿ ಸೋಂಕು ದಾಟುವುದಿಲ್ಲ ಎಂಬುದು ದೊಡ್ಡ ಅಧ್ಯಯನಗಳಿಂದ ಖಚಿತವಾಗಿದೆ. ಅಂದರೆ ಚಿಕಿತ್ಸೆಯೇ ತಡೆಯೂ ಹೌದು.

ಆದರೆ ಮಾತ್ರೆ ತಲುಪುವುದು ಸೋಂಕು ಪತ್ತೆಯಾದವರನ್ನು ಮಾತ್ರ. ಪತ್ತೆಯಾಗದವರ ಸಂಗಾತಿಗಳನ್ನು ಕಾಯಲು ಬೇರೆ ಬೇಲಿಗಳೂ ಬೇಕು. ಕಾಂಡೋಮ್, ಲೈಂಗಿಕ ರೋಗಗಳ ಚಿಕಿತ್ಸೆ, ಮಾದಕ ಚುಚ್ಚುಮದ್ದು ಬಳಸುವವರಿಗೆ ಹೊಸ ಸೂಜಿ, ಹೆಚ್ಚು ಅಪಾಯದಲ್ಲಿರುವವರಿಗೆ ಮುಂಚಿತವಾಗಿ ಕೊಡುವ ಪ್ರೆಪ್ ಮಾತ್ರೆ, ಅಪಾಯ ಸಂಭವಿಸಿದ 72 ಗಂಟೆಯೊಳಗೆ ಶುರುಮಾಡಿ 28 ದಿನ ನುಂಗುವ ಪೆಪ್ ಮಾತ್ರೆ, ಪ್ರತಿ ಗರ್ಭಿಣಿಗೂ ಪರೀಕ್ಷೆ. ಇವನ್ನೆಲ್ಲ ಒಟ್ಟಾಗಿ ಬಳಸುವುದೇ ಸಂಯೋಜಿತ ತಡೆ. ಒಂದು ಬೇಲಿಯ ಕಿಂಡಿಯಲ್ಲಿ ನುಸುಳಿದ್ದನ್ನು ಇನ್ನೊಂದು ಹಿಡಿಯಬೇಕು. ಯಾವ ಬೇಲಿ ಎಲ್ಲಿ ಬೇಕೆಂದು ಗೊತ್ತಾಗುವುದು ಮೂರು ಕಂಬಗಳನ್ನು ಬಿಡಿಸಿ ಓದಿದಾಗ.

ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮ 2025ಕ್ಕೆಂದು ಇಟ್ಟ ಗುರಿ 95–95–95. ಸೋಂಕಿತರಲ್ಲಿ ಶೇ. 95 ಮಂದಿಗೆ ತಮ್ಮ ಸ್ಥಿತಿ ಗೊತ್ತಿರಬೇಕು. ಗೊತ್ತಿರುವವರಲ್ಲಿ ಶೇ. 95 ಮಂದಿ ಚಿಕಿತ್ಸೆಯಲ್ಲಿರಬೇಕು. ಚಿಕಿತ್ಸೆಯಲ್ಲಿರುವವರಲ್ಲಿ ಶೇ. 95 ಮಂದಿಯ ವೈರಸ್ ಹತೋಟಿಯಲ್ಲಿರಬೇಕು. ಪ್ರತಿ ಶೇಕಡಾವಾರು ಹಿಂದಿನ ಮೆಟ್ಟಿಲಿನ ಮೇಲೆ ನಿಂತಿದೆ. ಹೀಗಾಗಿ ಮೂರೂ ಗುರಿ ಮುಟ್ಟಿದರೂ 1,000 ಸೋಂಕಿತರಲ್ಲಿ ಹತೋಟಿ ಕಂಡವರು 857 ಮಂದಿ ಮಾತ್ರ.

ಈಗ ಸಭೆಯ ಜಿಲ್ಲೆಗೆ ಬರೋಣ. ಲೆಕ್ಕಕ್ಕೆಂದು ನಾವೇ ಕಟ್ಟಿಕೊಂಡ ಜಿಲ್ಲೆ ಅದು. ಅಂದಾಜು 6,000 ಸೋಂಕಿತರು. ಸ್ಥಿತಿ ಗೊತ್ತಿರುವವರು 5,100, ಅಂದರೆ ಶೇ. 85. ಅವರಲ್ಲಿ ಮಾತ್ರೆ ನುಂಗುತ್ತಿರುವವರು 4,590, ಅಂದರೆ ಶೇ. 90. ವೈರಸ್ ಹತೋಟಿಯಲ್ಲಿರುವವರು 2,907. ಇದನ್ನು 4,590ರಿಂದ ಭಾಗಿಸಿದರೆ ಬರುವುದು ಶೇ. 63 ಅಷ್ಟೇ. ಹಾಗಾದರೆ ಚಿತ್ರದಲ್ಲಿದ್ದ 95 ಎಲ್ಲಿಂದ ಬಂತು? ಆ ವರ್ಷ ವೈರಲ್ ಲೋಡ್ ಪರೀಕ್ಷೆ ಆದದ್ದು 3,060 ಮಂದಿಗೆ. ಪರೀಕ್ಷೆ ಆದವರಲ್ಲಿ ಶೇ. 95 ಮಂದಿ ಹತೋಟಿಯಲ್ಲಿದ್ದರು. ಯಾರೂ ಸುಳ್ಳು ಹೇಳಿಲ್ಲ, ಭಾಗಿಸುವ ಸಂಖ್ಯೆ ಸದ್ದಿಲ್ಲದೆ ಬದಲಾಗಿದೆ. ಒಟ್ಟು 6,000 ಮಂದಿಗೆ ಹೋಲಿಸಿದರೆ ಹತೋಟಿ ಖಚಿತವಾದವರು ಶೇ. 48 ಮಾತ್ರ.

ಪರೀಕ್ಷೆಯಾಗದ 1,530 ಮಂದಿಯೂ ಉಳಿದವರಂತೆಯೇ ಚೆನ್ನಾಗಿದ್ದಾರೆ ಎಂದುಕೊಳ್ಳಬಹುದೇ? ಇಲ್ಲೇ ಎಡವುವುದು. ಪರೀಕ್ಷೆ ಮಾಡಿಸಿಕೊಂಡವರು ಸಾಮಾನ್ಯವಾಗಿ ಹೇಳಿದ ದಿನಕ್ಕೆ ಬರುವವರು, ಮಾತ್ರೆಯನ್ನೂ ಸರಿಯಾಗಿ ನುಂಗುವವರು. ತಪ್ಪಿಸಿಕೊಂಡವರಲ್ಲಿ ಗುಳೆ ಹೋದವರಿದ್ದಾರೆ, ಮನೆಯವರನ್ನು ಕಳಿಸಿ ಮಾತ್ರೆ ತರಿಸಿಕೊಳ್ಳುವವರಿದ್ದಾರೆ, ಎಆರ್‌ಟಿ ಕೇಂದ್ರದ ಬಾಗಿಲಲ್ಲಿ ಪರಿಚಯದವರು ಕಂಡಾರೆಂದು ಹಿಂಜರಿಯುವವರಿದ್ದಾರೆ. ಕೆಲವರ ರಕ್ತದ ಮಾದರಿ ಪ್ರಯೋಗಾಲಯಕ್ಕೆ ಹೋಗಿದ್ದರೂ ಫಲಿತಾಂಶ ಕಡತಕ್ಕೆ ಸೇರಿರುವುದಿಲ್ಲ.

ಆದ್ದರಿಂದ ಶೇಕಡಾವಾರು ಬಿಟ್ಟು ತಲೆ ಎಣಿಸಬೇಕು. ಸ್ಥಿತಿಯೇ ಗೊತ್ತಿಲ್ಲದವರು 900. ಗೊತ್ತಿದ್ದೂ ಚಿಕಿತ್ಸೆಯ ಹೊರಗಿರುವವರು 510. ಪರೀಕ್ಷೆಯಾಗದವರು 1,530. ಪರೀಕ್ಷೆಯಾಗಿ ವೈರಸ್ ಹೆಚ್ಚಿರುವುದು ಕಂಡವರು 153. ನಾಲ್ಕು ಗುಂಪಿಗೂ ನಾಲ್ಕು ಬೇರೆ ಕೆಲಸ. 1,530 ಮಂದಿಯ ಹೆಸರು ಎಆರ್‌ಟಿ ಕೇಂದ್ರದಲ್ಲೇ ಇದೆ. ಮುಂದೆ ಮಾತ್ರೆಗೆ ಬಂದ ದಿನವೇ ರಕ್ತ ತೆಗೆಯುವ ಏರ್ಪಾಡಾದರೆ ದೊಡ್ಡ ಪಾಲು ಮುಗಿಯುತ್ತದೆ. 153 ಮಂದಿಗೆ ಮಾತ್ರೆ ಏಕೆ ತಪ್ಪುತ್ತಿದೆಯೆಂದು ಕೇಳುವ ಆಪ್ತಸಮಾಲೋಚನೆ, ಬಳಿಕ ಮರುಪರೀಕ್ಷೆ, ಆಗಲೂ ಇಳಿಯದಿದ್ದರೆ ಔಷಧ ಬದಲಾವಣೆಯ ಯೋಚನೆ. 510 ಮಂದಿಯನ್ನು ಹುಡುಕುವಾಗ ಮೊದಲು ಕಡತ ಶುದ್ಧವಾಗಬೇಕು, ಏಕೆಂದರೆ ಕೆಲವರು ತೀರಿಕೊಂಡಿರುತ್ತಾರೆ, ಕೆಲವರು ಪಕ್ಕದ ಜಿಲ್ಲೆಯಲ್ಲೇ ಮಾತ್ರೆ ಪಡೆಯುತ್ತಿರುತ್ತಾರೆ. ಉಳಿದವರ ಮನೆಗೆ ಹೋಗುವವರು ಗುಟ್ಟು ಕಾಯಲೇಬೇಕು. ಸೋಂಕಿನ ವಿಷಯ ಹೊರಹಾಕುವುದನ್ನು 2017ರ ಎಚ್‌ಐವಿ ಕಾಯ್ದೆ ನಿರ್ಬಂಧಿಸುತ್ತದೆ. ಪರೀಕ್ಷೆಗೆ ಒಪ್ಪಿಗೆಯನ್ನೂ ಅದು ಕಡ್ಡಾಯ ಮಾಡಿದೆ.

ಕಷ್ಟದ್ದು ಆ 900. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಸೋಂಕಿತರ ಒಪ್ಪಿಗೆ ಪಡೆದು ಅವರ ಸಂಗಾತಿ, ಮಕ್ಕಳಿಗೆ ಪರೀಕ್ಷೆ ಮಾಡುವುದು ಒಂದು ದಾರಿ. ಗರ್ಭಿಣಿಯರಿಗೆ ಪರೀಕ್ಷೆ ವಾಡಿಕೆಯಾಗಿರುವುದರಿಂದ ಹೆಂಗಸರು ಬೇಗ ಸಿಗುತ್ತಾರೆ, ಗಂಡಸರು ಕಾಯಿಲೆ ಬಿದ್ದ ಮೇಲೆ ಸಿಗುತ್ತಾರೆ. ಕ್ಷಯ ಮತ್ತು ಲೈಂಗಿಕ ರೋಗಗಳಿಗೆ ಬರುವವರಿಗೆಲ್ಲ ಪರೀಕ್ಷೆಯ ಅವಕಾಶ ಕೊಟ್ಟರೆ ಈ ಅಂತರ ಕುಗ್ಗುತ್ತದೆ. ಕಾಂಡೋಮ್, ಪ್ರೆಪ್ ಬೇಲಿಗಳು ಹೆಚ್ಚು ಬೇಕಾಗುವುದೂ ಇವರ ಸುತ್ತಲೇ.

6,000 ಎಂಬುದೂ ಎಣಿಸಿದ ಸಂಖ್ಯೆಯಲ್ಲ, ಗಣಿತದ ಮಾದರಿ ಕೊಟ್ಟ ಅಂದಾಜು. ಜಿಲ್ಲೆ ಚಿಕ್ಕದಾದಷ್ಟೂ ಅದು ಅಲುಗಾಡುತ್ತದೆ. ಹೊರಜಿಲ್ಲೆಯವರು ಇಲ್ಲಿ ನೋಂದಾಯಿಸಿಕೊಂಡಿದ್ದರೆ ಮೊದಲ ಕಂಬ ಶೇ. 100 ದಾಟುವುದೂ ಉಂಟು. ಹಾಗೆ ಕಂಡರೆ ಅದು ಸಾಧನೆಯಲ್ಲ, ಲೆಕ್ಕ ತಾಳೆಯಾಗುತ್ತಿಲ್ಲ ಎಂಬ ಸೂಚನೆ.

ಮುಂದಿನ ಸಭೆಯಲ್ಲಿ ಹಸಿರು ಕಂಬ ಕಂಡಾಗ ಕೇಳಬೇಕಾದ್ದು ಒಂದೇ ಪ್ರಶ್ನೆ: ಇದನ್ನು ಯಾವ ಸಂಖ್ಯೆಯಿಂದ ಭಾಗಿಸಿದಿರಿ?